ಹತ್ತು ಸಾವಿರದ ಠೇವಣಿ: ರಶೀದಿಯ ಕೊನೆಯ ಅಂಕಿ ನೋಡಿಕೊಳ್ಳಿ

ಅಡಿಕೆ ಮಾರಿ ಖರ್ಚೆಲ್ಲ ಕಳೆದು ಉಳಿದ ಹತ್ತು ಸಾವಿರ ರೂಪಾಯಿಯನ್ನು ಬದಿಯಡ್ಕದಲ್ಲೋ ಕುಂಬಳೆಯಲ್ಲೋ ಬ್ಯಾಂಕಿಗೆ ಕೊಂಡುಹೋಗಿ ಠೇವಣಿ ಇಡುವಾಗ ಹೆಚ್ಚಿನವರು ಕೇಳುವುದು ಒಂದೇ ಮಾತು: ಬಡ್ಡಿ ಎಷ್ಟು? ಎಂಟು ಪರ್ಸೆಂಟ್ ಅಂದರೆ ಸರಿ ಎಂದು ಫಾರ್ಮಿಗೆ ಸಹಿ ಹಾಕಿ ಬರುತ್ತಾರೆ. ಅದೇ ಎಂಟು ಪರ್ಸೆಂಟಿನಲ್ಲಿ ಐದು ವರ್ಷಕ್ಕೆ 14,000 ರೂಪಾಯಿಯೂ ಆಗಬಹುದು, 14,859 ರೂಪಾಯಿಯೂ ಆಗಬಹುದು. ವ್ಯತ್ಯಾಸ ಇರುವುದು ಬಡ್ಡಿಯ ದರದಲ್ಲಿ ಅಲ್ಲ, ಬಂದ ಬಡ್ಡಿ ಎಲ್ಲಿಗೆ ಹೋಗುತ್ತದೆ ಎಂಬುದರಲ್ಲಿ. ಇಲ್ಲಿ ಎಂಟು ಎಂದು ಇಟ್ಟುಕೊಂಡದ್ದು ಲೆಕ್ಕ ಸುಲಭವಾಗಲಿ ಎಂದಷ್ಟೆ. ನಿಮ್ಮ ಬ್ಯಾಂಕಿನ ದರ ಬೇರೆ ಇದ್ದರೂ ಲೆಕ್ಕದ ದಾರಿ ಇದೇ.

ಸರಳ ಬಡ್ಡಿಯಲ್ಲಿ ಲೆಕ್ಕ ಯಾವಾಗಲೂ ಮೊದಲು ಇಟ್ಟ ಅಸಲಿನ ಮೇಲೆ. ಹತ್ತು ಸಾವಿರಕ್ಕೆ ವರ್ಷಕ್ಕೆ 800 ರೂಪಾಯಿ. ಮೊದಲ ವರ್ಷವೂ 800, ಐದನೆಯ ವರ್ಷವೂ 800. ಐದು ಎಂಟುನೂರು ಅಂದರೆ 4,000, ಅಸಲು ಸೇರಿ 14,000. ಬಾಯಲ್ಲೇ ಮುಗಿಯುವ ಲೆಕ್ಕ.

ಚಕ್ರಬಡ್ಡಿಯಲ್ಲಿ ಮೊದಲ ವರ್ಷದ 800 ಅಸಲಿನ ಜೊತೆ ಸೇರಿ 10,800 ಆಗುತ್ತದೆ, ಎರಡನೆಯ ವರ್ಷದ ಬಡ್ಡಿ ಅದರ ಮೇಲೆ. ಹಾಗಾಗಿ ಎರಡನೆಯ ವರ್ಷಕ್ಕೆ 864 ಬರುತ್ತದೆ. ಹೆಚ್ಚಿಗೆ ಬಂದ ಆ 64 ರೂಪಾಯಿ ಎಲ್ಲಿಯದು ಎಂದು ನೋಡಿದರೆ ಗುಟ್ಟು ತಿಳಿಯುತ್ತದೆ: ಹೋದ ವರ್ಷದ 800 ರೂಪಾಯಿ ಬಡ್ಡಿಗೆ ಶೇಕಡಾ ಎಂಟರಂತೆ ಸಿಕ್ಕ ಬಡ್ಡಿ ಅದು. ಮೂರನೆಯ ವರ್ಷ 933 ರೂಪಾಯಿ 12 ಪೈಸೆ. ಅದನ್ನು ಬಿಡಿಸಿದರೆ ಅಸಲಿನದ್ದು 800, ಎರಡು ವರ್ಷದ ಬಡ್ಡಿ 1,600ರ ಮೇಲೆ 128, ಮತ್ತೆ ಆ 64ರ ಮೇಲೆ 5 ರೂಪಾಯಿ 12 ಪೈಸೆ. ಬಡ್ಡಿ ಮರಿ ಹಾಕಿ, ಮರಿಯೂ ಮರಿ ಹಾಕಲು ಸುರುವಾಗುವುದು ಮೂರನೆಯ ವರ್ಷದಿಂದ. ಐದನೆಯ ವರ್ಷದ ಕೊನೆಗೆ ಒಟ್ಟು 14,693 ರೂಪಾಯಿ.

ಒಂದೆರಡು ವರ್ಷಕ್ಕೆ ಇಡುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಬೀಳದೇ ಇರುವುದು ಇದಕ್ಕೇ. ಒಂದು ವರ್ಷಕ್ಕೆ ಎರಡೂ ಒಂದೇ, ಎರಡು ವರ್ಷಕ್ಕೆ ಬರೀ 64 ರೂಪಾಯಿಯ ಅಂತರ. ಐದು ವರ್ಷಕ್ಕೆ 693. ಹತ್ತು ವರ್ಷ ಬಿಟ್ಟರೆ ಸರಳ ಬಡ್ಡಿಯಲ್ಲಿ 18,000, ಚಕ್ರಬಡ್ಡಿಯಲ್ಲಿ 21,589. ಹಣ ಇಮ್ಮಡಿಯಾಗಲು ಸರಳ ಬಡ್ಡಿಗೆ ಹನ್ನೆರಡೂವರೆ ವರ್ಷ ಬೇಕು, ಚಕ್ರಬಡ್ಡಿಗೆ ಒಂಬತ್ತು ವರ್ಷ ಸಾಕು. 100ನ್ನು ದರದಿಂದ ಭಾಗಿಸಿದರೆ ಮೊದಲನೆಯದು, 72ನ್ನು ಭಾಗಿಸಿದರೆ ಸುಮಾರಾಗಿ ಎರಡನೆಯದು ಸಿಗುತ್ತದೆ.

ಇಷ್ಟು ವರ್ಷಕ್ಕೊಮ್ಮೆ ಬಡ್ಡಿ ಸೇರಿಸುವ ಲೆಕ್ಕ. ಬ್ಯಾಂಕುಗಳ ಅವಧಿ ಠೇವಣಿಯಲ್ಲಿ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ಸೇರಿಸುತ್ತಾರೆ. ಎಂಟನ್ನು ನಾಲ್ಕು ಪಾಲು ಮಾಡಿದರೆ ಒಂದು ಸಲಕ್ಕೆ ಎರಡು ಪರ್ಸೆಂಟ್. ಮೊದಲ ಮೂರು ತಿಂಗಳಿಗೆ 200, ಮುಂದಿನದಕ್ಕೆ 204, ಆಮೇಲೆ 208 ರೂಪಾಯಿ 8 ಪೈಸೆ, ನಾಲ್ಕನೆಯದು 212 ರೂಪಾಯಿ 24 ಪೈಸೆ. ವರ್ಷ ತುಂಬುವಾಗ 800ರ ಬದಲು 824 ಆಗಿರುತ್ತದೆ. ಐದು ವರ್ಷದಲ್ಲಿ ಇಪ್ಪತ್ತು ಸಲ ಹೀಗೆ ಸೇರಿ, ಕೊನೆಯ ಮೂರು ತಿಂಗಳ ಬಡ್ಡಿಯೇ 291 ರೂಪಾಯಿ. ಒಟ್ಟು 14,859. ಮನೆಯಲ್ಲಿ ತಾಳೆ ನೋಡಬೇಕಾದರೆ ಕ್ಯಾಲ್ಕುಲೇಟರಿನಲ್ಲಿ 10,000ವನ್ನು 1.02ರಿಂದ ಇಪ್ಪತ್ತು ಸಲ ಗುಣಿಸಿ. ಮೊಬೈಲಿನಲ್ಲಾದರೆ ಒಂದೇ ಸಾಲು:

```
10000*1.02^20
```

ಬೇರೆ ದರವಾದರೆ 1.02ರಲ್ಲಿ .02ರ ಜಾಗಕ್ಕೆ ಆ ದರದ ಕಾಲು ಭಾಗ ಬರಬೇಕು. ಏಳು ಪರ್ಸೆಂಟಿಗೆ 1.0175.

ಇನ್ನು ಫಾರ್ಮಿನ ಮಾತು. ಕಾಸರಗೋಡಿನ ಕಡೆ ಇದು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಇರುವುದರಿಂದ ನಮ್ಮ ಹಿರಿಯರು ಓದದೇ ಸಹಿ ಹಾಕುವುದು ಹೆಚ್ಚು. ಮಲಯಾಳದಲ್ಲಿ ಪಲಿಶ ಅಂದರೆ ಬಡ್ಡಿ, ನಿಕ್ಷೇಪಂ ಅಂದರೆ ಠೇವಣಿ, ಕೂಟ್ಟುಪಲಿಶ ಅಂದರೆ ಚಕ್ರಬಡ್ಡಿ. ಕೌಂಟರಿನಲ್ಲಿ ಇರುವವರಿಗೆ ಕನ್ನಡ ಬಾರದಿದ್ದರೆ ‘ಕೂಟ್ಟುಪಲಿಶಯಾ?’ ಎಂದು ಕೇಳಿದರೂ ಸಾಕು, ಉತ್ತರ ಸಿಗುತ್ತದೆ. ಇಂಗ್ಲಿಷ್ ಫಾರ್ಮಿನಲ್ಲಿ ಕ್ಯುಮುಲೇಟಿವ್ ಅಥವಾ ರೀಇನ್‌ವೆಸ್ಟ್‌ಮೆಂಟ್ ಎಂದು ಇರುವ ಚೌಕಕ್ಕೆ ಗುರುತು ಹಾಕಿದರೆ ಬಡ್ಡಿ ಒಳಗೇ ಉಳಿದು ಬೆಳೆಯುತ್ತದೆ. ಮಂತ್ಲಿ, ಕ್ವಾರ್ಟರ್ಲಿ ಎಂಬ ಚೌಕಕ್ಕೆ ಹಾಕಿದರೆ ಬಡ್ಡಿ ನಿಮ್ಮ ಉಳಿತಾಯ ಖಾತೆಗೆ ಹೋಗುತ್ತದೆ. ಠೇವಣಿಯ ಮಟ್ಟಿಗೆ ಅದು ಸರಳ ಬಡ್ಡಿಯೇ ಆಯಿತು. ಒಂದನ್ನೂ ಗುರುತು ಮಾಡದೆ ಬಿಡಬೇಡಿ. ಬಿಟ್ಟರೆ ಅಲ್ಲಿ ಕೂತವರು ತಮಗೆ ಸರಿಕಂಡದ್ದನ್ನು ಹಾಕುತ್ತಾರೆ.

ಗುರುತು ಸರಿಯಾಗಿ ಬಿದ್ದಿದೆಯೇ ಎಂದು ತಿಳಿಯಲು ರಶೀದಿಯಲ್ಲಿ ಒಂದೇ ಅಂಕಿ ಸಾಕು, ಅವಧಿ ಮುಗಿದಾಗ ಸಿಗುವ ಮೊತ್ತ. ನಮ್ಮ ಉದಾಹರಣೆಯಲ್ಲಿ ಅಲ್ಲಿ 10,000 ಎಂದೇ ಇದ್ದರೆ ಬಡ್ಡಿ ಹೊರಗೆ ಹೋಗುತ್ತಿದೆ. 14,000 ಇದ್ದರೆ ಬಡ್ಡಿ ಅಲ್ಲೇ ಉಳಿಯುತ್ತದೆ, ಆದರೆ ಅದಕ್ಕೆ ಬಡ್ಡಿ ಇಲ್ಲ. 14,693 ಆದರೆ ವರ್ಷಕ್ಕೊಮ್ಮೆ ಸೇರಿಸುವವರು, 14,859 ಆದರೆ ಮೂರು ತಿಂಗಳಿಗೊಮ್ಮೆ. ಕೌಂಟರ್ ಬಿಟ್ಟು ಬರುವ ಮೊದಲೇ ಇದನ್ನು ನೋಡಬೇಕು. ಎರಡು ವರ್ಷ ಕಳೆದ ಮೇಲೆ ನೋಡಿ ಬದಲಿಸಿ ಎಂದರೆ ಹೆಚ್ಚಿನ ಕಡೆ ಠೇವಣಿ ಮುರಿದು ಹೊಸದಾಗಿ ಇಡಿ ಎನ್ನುತ್ತಾರೆ.

ಮಾತಿನ ಒಂದು ಚಮತ್ಕಾರಕ್ಕೆ ಮೋಸಹೋಗಬಾರದು. ಐದು ವರ್ಷದಲ್ಲಿ ಸಿಗುವ 4,859 ರೂಪಾಯಿಯನ್ನು ಐದರಿಂದ ಭಾಗಿಸಿ ‘ವರ್ಷಕ್ಕೆ 9.72 ಪರ್ಸೆಂಟ್ ಆದಾಯ’ ಎಂದು ಹೇಳುವುದುಂಟು. ಸುಳ್ಳಲ್ಲ, ಆದರೆ ಅದು ಬಡ್ಡಿ ದರವೂ ಅಲ್ಲ. ಅವಧಿ ಉದ್ದವಾದಷ್ಟು ಈ ಅಂಕಿ ತಾನಾಗಿ ಏರುತ್ತದೆ. ಎರಡು ಕಡೆಯ ದರ ಹೋಲಿಸುವಾಗ ‘ಬಡ್ಡಿ ದರ ಎಷ್ಟು, ಎಷ್ಟು ತಿಂಗಳಿಗೊಮ್ಮೆ ಸೇರಿಸುತ್ತೀರಿ’ ಎಂಬ ಎರಡು ಪ್ರಶ್ನೆ ಮಾತ್ರ ಕೇಳಿ.

ಪೋಸ್ಟಾಫೀಸಿನಲ್ಲಿ ಇನ್ನೂ ಸೂಕ್ಷ್ಮ ಇದೆ. ಅಲ್ಲಿಯ ಐದು ವರ್ಷದ ಟೈಮ್ ಡಿಪಾಸಿಟಿಗೆ 2024ರಲ್ಲಿ 7.5 ಪರ್ಸೆಂಟ್ ಇತ್ತು. ಬಡ್ಡಿಯನ್ನು ಮೂರು ತಿಂಗಳ ಲೆಕ್ಕದಲ್ಲೇ ಕಟ್ಟುತ್ತಾರೆ, ಹಾಗಾಗಿ ಹತ್ತು ಸಾವಿರಕ್ಕೆ ವರ್ಷಕ್ಕೆ 750ರ ಬದಲು 771 ಬರುತ್ತದೆ. ಆದರೆ ಆ 771 ವರ್ಷ ತುಂಬಿದ ದಿನವೇ ನಿಮ್ಮದು. ತೆಗೆಯದೆ ಅಲ್ಲೇ ಬಿಟ್ಟರೆ ಅದಕ್ಕೆ ಒಂದು ಪೈಸೆ ಬಡ್ಡಿ ಇಲ್ಲ. ವರ್ಷದ ಒಳಗೆ ಚಕ್ರಬಡ್ಡಿ, ವರ್ಷದಿಂದ ವರ್ಷಕ್ಕೆ ಸರಳ ಬಡ್ಡಿ! ತಿಂಗಳ ಆದಾಯ ಯೋಜನೆಯ ಬಡ್ಡಿಯೂ ಹಾಗೆಯೇ, ತೆಗೆಯದಿದ್ದರೆ ಸುಮ್ಮನೆ ಕೂತಿರುತ್ತದೆ. ‘ಇರಲಿ, ಒಟ್ಟಿಗೆ ತೆಗೆದರಾಯಿತು’ ಎಂದು ಬಿಡುವವರು ಕಳೆದುಕೊಳ್ಳುವುದು ಇಲ್ಲೇ. ಅದನ್ನು ಅಲ್ಲಿಯದೇ ಉಳಿತಾಯ ಖಾತೆಗೆ ಹಾಕಿಸಿಕೊಂಡರೆ ನಾಲ್ಕು ಪರ್ಸೆಂಟಾದರೂ ಸಿಗುತ್ತದೆ. ಐದು ವರ್ಷ ಮುಟ್ಟುವ ಅಗತ್ಯವೇ ಇಲ್ಲದ ಹಣಕ್ಕೆ ರಾಷ್ಟ್ರೀಯ ಉಳಿತಾಯ ಪತ್ರ ವಾಸಿ. ಅದರಲ್ಲಿ ಬಡ್ಡಿ ವರ್ಷಕ್ಕೊಮ್ಮೆ ಒಳಗೇ ಸೇರುತ್ತದೆ. 2024ರ 7.7 ಪರ್ಸೆಂಟ್ ದರದಲ್ಲಿ ಹತ್ತು ಸಾವಿರ 14,490 ಆಗುತ್ತದೆ. ಈ ದರಗಳನ್ನು ಸರಕಾರ ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ, ಇಡುವ ದಿನ ಇದ್ದ ದರವೇ ಕೊನೆಯವರೆಗೆ.

ಹಾಗೆಂದು ಎಲ್ಲರೂ ಚಕ್ರಬಡ್ಡಿಯೇ ಹಿಡಿಯಬೇಕು ಎಂದಿಲ್ಲ. ತಿಂಗಳ ಮದ್ದಿಗೆ ಆ ಬಡ್ಡಿಯೇ ಬೇಕು ಎನ್ನುವ ಅಜ್ಜಿಗೆ ಐದು ವರ್ಷದ ನಂತರದ 14,859 ಏನು ಉಪಕಾರ? ಅವರಿಗೆ ತಿಂಗಳ ಬಡ್ಡಿಯೇ ಸರಿ. ಆದರೆ ತಿಂಗಳಿಗೆ 66 ರೂಪಾಯಿ 67 ಪೈಸೆ ಬರುತ್ತದೆ ಎಂದು ಕಾಯಬೇಡಿ, ಬ್ಯಾಂಕಿನಲ್ಲಿ 66 ರೂಪಾಯಿ 23 ಪೈಸೆ ಬರುತ್ತದೆ. ಮೂರು ತಿಂಗಳಿಗೆ ಕೊಡಬೇಕಾದ್ದನ್ನು ಮೊದಲೇ ಕೊಡುವುದಕ್ಕೆ ಸ್ವಲ್ಪ ಮುರಿದುಕೊಳ್ಳುತ್ತಾರೆ, ತಪ್ಪಲ್ಲ. ಹನ್ನೆರಡು ಪರ್ಸೆಂಟಿನ ಸಾಲ ಇರುವ ಮನೆಯಲ್ಲಿಯೂ ಬಂದ ಬಡ್ಡಿಯನ್ನು ಸಾಲಕ್ಕೆ ಕಟ್ಟುವುದೇ ಲಾಭ.

ಚಕ್ರಬಡ್ಡಿಯ ಲೆಕ್ಕ ಕೆಡುವುದು ಅವಧಿಗೆ ಮೊದಲು ಮುರಿದಾಗ. ಎರಡು ವರ್ಷಕ್ಕೆ ಮುರಿದರೆ ಎಂಟು ಪರ್ಸೆಂಟ್ ಕೊಡುವುದಿಲ್ಲ. ನೀವು ಇಟ್ಟ ದಿನ ಎರಡು ವರ್ಷದ ಠೇವಣಿಗೆ ಏನು ದರ ಇತ್ತೋ ಅದು, ಅದರಲ್ಲೂ ಹಲವು ಬ್ಯಾಂಕುಗಳು ಒಂದು ಪರ್ಸೆಂಟ್ ದಂಡ ಕಳೆಯುತ್ತವೆ. ಆ ದರ ಏಳು ಎಂದಾದರೆ ಕೈಗೆ ಬರುವುದು ಆರು. 11,717 ಆಗಬೇಕಾದಲ್ಲಿ 11,265. ತಿಂಗಳ ಬಡ್ಡಿ ತೆಗೆದುಕೊಂಡವರಿಗೆ ಹೆಚ್ಚು ಕೊಟ್ಟದ್ದನ್ನು ಅಸಲಿನಿಂದಲೇ ಮುರಿಯುತ್ತಾರೆ, ಹತ್ತು ಸಾವಿರ ಹತ್ತು ಸಾವಿರವಾಗಿ ಬರುವುದಿಲ್ಲ. ಅದಕ್ಕೆ ಹತ್ತು ಸಾವಿರವನ್ನು ಒಂದೇ ರಶೀದಿ ಮಾಡದೆ ಐದೈದು ಸಾವಿರದ ಎರಡು ಮಾಡಿ. ಮಳೆಗಾಲದಲ್ಲಿ ಮಾಡು ಸೋರಿ ಹಣ ಬೇಕಾದರೆ ಒಂದನ್ನು ಮಾತ್ರ ಮುರಿಯಬಹುದು, ಇನ್ನೊಂದರ ಚಕ್ರ ನಿಲ್ಲುವುದಿಲ್ಲ.

ಅವಧಿ ಮುಗಿದ ಮೇಲೆ ತಾನಾಗಿ ನವೀಕರಣ ಆಗಲಿ ಎಂದು ಗುರುತು ಹಾಕುವಾಗಲೂ ಅಲ್ಲಿ ಎರಡು ಚೌಕ ಇರುತ್ತದೆ: ಅಸಲು ಮಾತ್ರ, ಅಸಲು ಮತ್ತು ಬಡ್ಡಿ. ಎರಡನೆಯದಕ್ಕೆ ಹಾಕಿದರೆ, ದರ ಅದೇ ಇದ್ದರೆ, ಇನ್ನೈದು ವರ್ಷಕ್ಕೆ 14,859 ಬೆಳೆದು 22,080 ಆಗುತ್ತದೆ. ಮೊದಲನೆಯದಕ್ಕೆ ಹಾಕಿದರೆ 4,859 ರೂಪಾಯಿ ಉಳಿತಾಯ ಖಾತೆಗೆ ಬಂದು ಬೀಳುತ್ತದೆ, ಹೊಸ ಠೇವಣಿ ಮತ್ತೆ ಹತ್ತು ಸಾವಿರದಿಂದಲೇ ಸುರು. ಎರಡು ಸಲದ್ದೂ ಕೂಡಿಸಿದರೆ 19,719, ಮೇಲಿಂದ ಉಳಿತಾಯ ಖಾತೆಯ ಸಣ್ಣ ಬಡ್ಡಿ. ಯಾವುದಕ್ಕೂ ಗುರುತು ಹಾಕದೆ ಅವಧಿ ಮುಗಿದ ಠೇವಣಿಯನ್ನು ಮರೆತರೆ, 2021ರಿಂದ ಇರುವ ರಿಸರ್ವ್ ಬ್ಯಾಂಕಿನ ನಿಯಮದಂತೆ, ಆ ದಿನಗಳಿಗೆ ಉಳಿತಾಯ ಖಾತೆಯ ದರ ಅಥವಾ ಹಳೆಯ ದರ, ಎರಡರಲ್ಲಿ ಕಡಿಮೆ ಯಾವುದೋ ಅದು. ರಶೀದಿ ಪೆಟ್ಟಿಗೆಗೆ ಹೋಗುವ ಮೊದಲು ಅದರ ಕೊನೆಯ ತಾರೀಕನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದಿಡಿ. ಹೊಸ ವರ್ಷಕ್ಕೆ ಕ್ಯಾಲೆಂಡರ್ ಬದಲಿಸುವಾಗ ಅದನ್ನೂ ಹೊಸದರ ಹಿಂದೆ ಬರೆಯಿರಿ.