‘ಸಾವಿರ ಕೊಟ್ರೆ ಏನಾಗುತ್ತೆ?’ ಟ್ರಸ್ಟ್‌ನ ಕ್ಯಾರೊಸೆಲ್‌ನಲ್ಲಿ ಇದ್ದದ್ದು ಇದ್ದಂಗೆ ಹೇಳೋದು ಹೇಗೆ

ಪಾವಗಡ ಕಡೆ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋದು ತುಮಕೂರಿನವರಿಗೆ ಹೊಸದೇನಲ್ಲ. ಅಲ್ಲಿನ ಹಳ್ಳಿ ಮನೆಗಳಿಗೆ ಮಳೆನೀರಿನ ತೊಟ್ಟಿ ಕಟ್ಟಿಸಿಕೊಡೋ ಒಂದು ಸಣ್ಣ ಟ್ರಸ್ಟ್‌ಗೆ ನಾನು ಇನ್‌ಸ್ಟಾಗ್ರಾಮ್ ಕ್ಯಾರೊಸೆಲ್, ಅಂದ್ರೆ ಒಂದೊಂದೇ ಸ್ಲೈಡ್ ಸರಿಸಿ ನೋಡೋ ಪೋಸ್ಟ್, ಮಾಡಿಕೊಡ್ತೀನಿ. ನಾನು ಸೇರೋ ಮುಂಚೆ ಅವರು ಹಾಕಿದ್ದ ಪೋಸ್ಟ್‌ನಲ್ಲಿ ಫ್ಲೋರೈಡ್‌ನಿಂದ ಕಲೆಗಟ್ಟಿದ ಹಲ್ಲಿನ ಹುಡುಗಿ ಫೋಟೊ, ಕೆಳಗೆ ಕೆಂಪಕ್ಷರದಲ್ಲಿ ‘ನಿಮ್ಮ ಮಗು ಬಾಟಲ್ ನೀರು ಕುಡಿಯುವಾಗ ಇವಳನ್ನ ನೆನೆಸ್ಕೊಳ್ಳಿ. 1,000 ರೂಪಾಯಿಗೆ ಒಂದು ಕುಟುಂಬಕ್ಕೆ ಜೀವನಪೂರ್ತಿ ಶುದ್ಧ ನೀರು’ ಅಂತಿತ್ತು. ಕೆಲಸ ನಿಜ, ಜನ ಪ್ರಾಮಾಣಿಕರು, ಪೋಸ್ಟ್ ಮಾತ್ರ ಸುಳ್ಳು. ಬೇರೆ ಟ್ರಸ್ಟ್‌ಗಳಲ್ಲೂ ಇದೇ ತಪ್ಪು ಎಷ್ಟೋ ಸಲ ನೋಡಿದ್ದೀನಿ, ಅದಕ್ಕೇ ಈ ಲೇಖನ.

ಮೊದಲನೇ ಕೆಲಸ: ಕ್ಯಾನ್ವಾ ತೆಗೀಬೇಡಿ. ಒಂದು ನೋಟ್‌ಬುಕ್ ತಗೊಂಡು ಆರು ಚೌಕ ಎಳೀರಿ, ಒಂದೊಂದು ಚೌಕಕ್ಕೆ ಒಂದೇ ವಿಷಯ: ಪ್ರಶ್ನೆ, ಸಮಸ್ಯೆ, ತೊಟ್ಟಿ ಏನು ಮಾಡುತ್ತೆ, ದುಡ್ಡಿನ ಲೆಕ್ಕ, ಏನು ಮಾಡಲ್ಲ, ಕೊಡೋದು ಹೇಗೆ. ಇನ್‌ಸ್ಟಾಗ್ರಾಮ್ 20 ಸ್ಲೈಡ್ ಹಾಕೋಕೆ ಬಿಡುತ್ತೆ, ಆದ್ರೆ ಆರು ಸಾಕು.

ಎರಡನೇದು ಲೆಕ್ಕ. ಎಲ್ಲರೂ ಎಡವೋದು ಇಲ್ಲೇ, ಆದ್ರಿಂದ ಇದನ್ನ ನಿಧಾನವಾಗಿ ನೋಡೋಣ.

ಒಂದು ವರ್ಷದಲ್ಲಿ 20 ತೊಟ್ಟಿ ಕಟ್ಟಿದ್ರಿ ಅನ್ಕೊಳ್ಳಿ. ಸಿಮೆಂಟು, ಇಟ್ಟಿಗೆ, ಗಾರೆ ಕೂಲಿ, ಪೈಪು, ಫಿಲ್ಟರು ಸೇರಿ 8 ಲಕ್ಷ. ಸೈಟ್ ನೋಡ್ಕೊಳ್ಳೋ ಹುಡುಗನ ಸಂಬಳ, ಓಡಾಟದ ಪೆಟ್ರೋಲು, ನೀರಿನ ಟೆಸ್ಟು 1 ಲಕ್ಷ 60 ಸಾವಿರ. ಬಹಳ ಜನ ಈ ಎರಡನೇ ಖರ್ಚನ್ನ ಬಿಟ್ಟು ‘ಒಂದು ತೊಟ್ಟಿಗೆ 40 ಸಾವಿರ’ ಅಂತ ಬರೀತಾರೆ, ಆ ಹುಡುಗ ಹೋಗದೆ ತೊಟ್ಟಿ ತಾನಾಗೇ ಏಳುತ್ತಾ? ಸೇರಿಸಿದ್ರೆ ಒಟ್ಟು 9 ಲಕ್ಷ 60 ಸಾವಿರ, ತೊಟ್ಟಿಗೆ 48 ಸಾವಿರ ಬೀಳುತ್ತೆ. ಅಷ್ಟಕ್ಕೇ ನಿಲ್ಲಿಸಬೇಡಿ. ಒಂದು ವರ್ಷ ಆದ್ಮೇಲೆ 20 ಮನೆಗೂ ಹೋಗಿ ಮುಚ್ಚಳ ತೆಗೆದು ನೋಡಿ. 17 ಕಡೆ ಮಳೆನೀರು ಕುಡೀತಿದ್ದಾರೆ, ಒಂದು ಕಡೆ ಕೋತಿಗಳು ಪೈಪ್ ಕಿತ್ತುಹಾಕಿವೆ, ಒಂದು ಮನೆಯವರು ಬೀಗ ಹಾಕಿ ಬೆಂಗಳೂರಿಗೆ ಕೂಲಿಗೆ ಹೋಗಿದ್ದಾರೆ, ಇನ್ನೊಂದರಲ್ಲಿ ಬೋರ್ ನೀರನ್ನೇ ತುಂಬಿಸಿಟ್ಟಿದ್ದಾರೆ ಅಂತ ಇಟ್ಕೊಳ್ಳಿ. ಹಂಗಾದ್ರೆ ಭಾಗಿಸಬೇಕಾಗಿರೋದು 17ರಿಂದ, 20ರಿಂದ ಅಲ್ಲ. ಬಳಕೆಯಲ್ಲಿರೋ ಒಂದು ತೊಟ್ಟಿಗೆ ಸುಮಾರು 56,500 ರೂಪಾಯಿ ಆಯ್ತು.

ಈಗ ಸ್ಲೈಡ್ ಮೇಲೆ ಏನು ಬರೆಯೋದು? ‘ನಿಮ್ಮ 1,000 ರೂಪಾಯಿಗೆ ಒಂದು ಕುಟುಂಬ’ ಅಂತಂತೂ ಅಲ್ಲ. ನಾನು ಬರೆಯೋದು ಹೀಗೆ: ‘57 ಜನ ತಲಾ 1,000 ಕೊಟ್ರೆ, ಒಂದು ಮನೆಯಲ್ಲಿ ಬಳಕೆಯಲ್ಲಿರೋ ಒಂದು ತೊಟ್ಟಿ.’ ಅದರ ಕೆಳಗೆ ಚಿಕ್ಕದಾಗಿ, ಆದ್ರೆ ಓದೋಕಾಗೋ ಸೈಜಲ್ಲಿ, ‘ಸಂಬಳ, ಓಡಾಟ ಸೇರಿಸಿ, ಕಟ್ಟಿದ 20ರಲ್ಲಿ ಬಳಕೆಯಲ್ಲಿರೋದು 17, ಎಲ್ಲರ ದುಡ್ಡೂ ಒಂದೇ ಖಾತೆಗೆ ಸೇರುತ್ತೆ.’ ಈ ಕೊನೇ ಮಾತು ಬೇಕೇ ಬೇಕು, ಇಲ್ದಿದ್ರೆ ‘ನಾನು ಕೊಟ್ಟಿದ್ದು ಯಾವ ಮನೆ ತೊಟ್ಟಿಗೆ?’ ಅಂತ ಕೇಳ್ತಾರೆ, ಕೇಳೋದು ಸರಿಯಾಗೇ ಇದೆ. ವಿವರವನ್ನ ಕ್ಯಾಪ್ಶನ್‌ನಲ್ಲಿ ಬಚ್ಚಿಡಬೇಡಿ. ಜನ ಆ ಒಂದು ಸ್ಲೈಡಿನ ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಕಳಿಸ್ತಾರೆ, ಕ್ಯಾಪ್ಶನ್ ಅದರ ಜೊತೆ ಹೋಗಲ್ಲ.

ನೀರಿನ ಲೆಕ್ಕಾನೂ ಇದೇ ಥರ. 300 ಚದರಡಿ ಚಾವಣಿ, ವರ್ಷಕ್ಕೆ 500 ಮಿಲಿಮೀಟರ್ ಮಳೆ ಅಂದ್ರೆ, ಚೆಲ್ಲಿ ಆವಿಯಾಗಿ ಹೋಗೋ ಐದನೇ ಒಂದು ಭಾಗ ಬಿಟ್ಟು ಸುಮಾರು 11 ಸಾವಿರ ಲೀಟರ್ ಸಿಗುತ್ತೆ. ಆದ್ರೆ ತೊಟ್ಟಿ ಹಿಡಿಯೋದು 5 ಸಾವಿರ. ಐದು ಜನರ ಮನೆಗೆ ಕುಡಿಯೋಕೆ, ಅಡುಗೆಗೆ ದಿನಕ್ಕೆ 25 ಲೀಟರ್ ಅಂದ್ರೆ ಒಂದ್ಸಲ ತುಂಬಿದ ತೊಟ್ಟಿ 200 ದಿನ ಬರುತ್ತೆ. ಮಳೆಗಾಲದಲ್ಲಿ ಬಳಸ್ತಾ ಬಳಸ್ತಾ ಮತ್ತೆ ತುಂಬುತ್ತೆ, ಆದ್ರೂ ಮಳೆ ಕೈಕೊಟ್ಟ ವರ್ಷ ಬೇಸಿಗೆಗೆ ಸಾಲಲ್ಲ. ಆದ್ರಿಂದ ‘ಜೀವನಪೂರ್ತಿ’ ಅಲ್ಲ, ‘ತುಂಬಿದ್ರೆ ಸುಮಾರು 200 ದಿನ’.

ಮೂರನೇದು ಸಮಸ್ಯೆ ಸ್ಲೈಡು. ಕುಡಿಯೋ ನೀರಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ಮೂಲ ಇಲ್ದಿದ್ರೆ 1.5ರ ತನಕ ಅನ್ನೋದು ಭಾರತೀಯ ಮಾನಕ. ಇದನ್ನೂ, ನಿಮ್ಮ ಊರಿನ ಟೆಸ್ಟ್ ರಿಪೋರ್ಟ್‌ನ ಅಂಕಿಯನ್ನೂ ಪಕ್ಕಪಕ್ಕ ಹಾಕಿ, ಸಾಕು. ‘ಈ ಜನ ವಿಷ ಕುಡೀತಿದ್ದಾರೆ’ ಅನ್ನಬೇಡಿ. ಊರಲ್ಲಿ ಶುದ್ಧ ನೀರಿನ ಘಟಕ ಇದ್ರೆ ಅಲ್ಲಿಂದ ಕ್ಯಾನ್ ಹೊತ್ತು ತರ್ತಾರೆ, ಅದು ಕೆಟ್ಟು ನಿಂತಾಗ ಬೋರ್ ನೀರು ಕುಡೀತಾರೆ. ತೊಟ್ಟಿ ತಪ್ಪಿಸೋದು ಆ ಕೆಟ್ಟ ದಿನಗಳನ್ನ, ಆ ಕ್ಯಾನ್ ಹೊರೋ ಕೆಲಸವನ್ನ. ಅಷ್ಟನ್ನೇ ಹೇಳಿ.

ಫೋಟೊ ವಿಷಯದಲ್ಲಿ ನನ್ನದು ಒಂದೇ ಮಾತು: ಹಲ್ಲು, ಸೊಟ್ಟ ಕಾಲು ಕ್ಲೋಸಪ್ ಬೇಡವೇ ಬೇಡ. ಆ ಹಳೇ ಪೋಸ್ಟನ್ನ ಹುಡುಗಿಯ ಅಮ್ಮನಿಗೆ ಫೋನಲ್ಲಿ ತೋರಿಸಿದಾಗ ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾಳೆ ಇವಳಿಗೆ ಸಂಬಂಧ ನೋಡ್ಬೇಕಲ್ಲಕ್ಕಾ, ಹಲ್ಲು ಯಾಕೆ ಹಾಕಿದ್ರಿ, ತೊಟ್ಟಿ ಹಾಕಿ’ ಅಂದ್ರು. ಅವತ್ತೇ ಡಿಲೀಟ್ ಮಾಡಿಸಿದೆ. ಈಗ ನಲ್ಲಿ ಕೆಳಗೆ ಬಿಂದಿಗೆ ಇಟ್ಟಿರೋ ಕೈ ಹಾಕಿದ್ದೀವಿ. ‘ಫೋಟೊ ತಗೋಬಹುದಾ’ ಅಂತ ಕೇಳಿದ್ರೆ ಸಾಲದು, ರೆಡಿಯಾದ ಸ್ಲೈಡನ್ನ ಅವರಿಗೆ ತೋರಿಸಿ, ಬರಹ ಓದಿ ಹೇಳಿ, ಒಪ್ಪಿದ್ಮೇಲೆ ಹಾಕಿ.

ನಾಲ್ಕನೇದು ‘ಏನು ಮಾಡಲ್ಲ’ ಸ್ಲೈಡು, ಇದನ್ನ ಕಿತ್ತುಹಾಕೋಕೆ ಟ್ರಸ್ಟಿಗಳು ಖಂಡಿತ ಹೇಳ್ತಾರೆ, ನೀವು ಬಿಡಬೇಡಿ. ಈಗಾಗಲೇ ಬಂದಿರೋ ಹಲ್ಲಿನ ಕಲೆ ತೊಟ್ಟಿ ನೀರಿನಿಂದ ಹೋಗಲ್ಲ, ಬಾಗಿದ ಮೂಳೆ ನೆಟ್ಟಗಾಗಲ್ಲ. ಹಲ್ಲು ಇನ್ನೂ ಬೆಳೀತಿರೋ ಸಣ್ಣ ಮಕ್ಕಳಿಗೆ ಮುಂದೆ ಆಗೋದನ್ನ ಕಮ್ಮಿ ಮಾಡಬಹುದು. ಬಳಕೆಯಲ್ಲಿಲ್ಲದ ಮೂರು ತೊಟ್ಟಿ ಕಥೇನೂ ಇಲ್ಲೇ ಬರಲಿ.

ಕೊನೇ ಸ್ಲೈಡಲ್ಲಿ ಕ್ಯೂಆರ್ ಕೋಡು, ಖಾತೆ ಹೆಸರು. ‘80ಜಿ ತೆರಿಗೆ ವಿನಾಯಿತಿ ಇದೆ, ಅರ್ಧ ದುಡ್ಡು ವಾಪಸ್’ ಅಂತ ದಯವಿಟ್ಟು ಬರೀಬೇಡಿ. ಸಾಮಾನ್ಯವಾಗಿ ಅರ್ಧ ಮೊತ್ತ ತೆರಿಗೆ ಬೀಳೋ ಆದಾಯದಿಂದ ಕಳೆಯುತ್ತೆ ಅಷ್ಟೆ, 20 ಪರ್ಸೆಂಟ್ ಸ್ಲ್ಯಾಬ್‌ನವರು 1,000 ಕೊಟ್ರೆ ತೆರಿಗೆಯಲ್ಲಿ ಉಳಿಯೋದು ಸುಮಾರು 100. ಹೊಸ ತೆರಿಗೆ ಪದ್ಧತಿ ಆರಿಸ್ಕೊಂಡವರಿಗೆ ಅದೂ ಇಲ್ಲ, 2,000 ದಾಟಿದ ನಗದಿಗೂ ಇಲ್ಲ.

ಈಗ ಡಿಸೈನು. 1080 x 1350 ಸೈಜು, ನೋಟೊ ಸಾನ್ಸ್ ಕನ್ನಡ ಅಥವಾ ಬಾಲೂ ತಮ್ಮ ಫಾಂಟು. ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿದ್ದನ್ನ ಹಂಗೇ ಪೇಸ್ಟ್ ಮಾಡಿದ್ರೆ ಅಕ್ಷರ ಎಲ್ಲಾ ಚೆಲ್ಲಾಪಿಲ್ಲಿ, ಯೂನಿಕೋಡಿಗೆ ಬದಲಾಯಿಸ್ಕೊಳ್ಳಿ. ಸಾಲಿನ ನಡುವೆ ಜಾಗ ಜಾಸ್ತಿ ಬಿಡಿ, ಇಲ್ದಿದ್ರೆ ‘ತೊಟ್ಟಿ’ಯ ಒತ್ತಕ್ಷರ ಕೆಳಗಿನ ಸಾಲಿಗೆ ಹೋಗಿ ಬಡಿಯುತ್ತೆ. ರೆಡಿಮೇಡ್ ಡೊನೇಶನ್ ಟೆಂಪ್ಲೇಟ್ ಮಾರೋ ಆ್ಯಪ್‌ಗಳಿಗೆ ದುಡ್ಡು ಹಾಕಬೇಡಿ, ಇಂಗ್ಲಿಷಿಗೆ ಅಳತೆ ಮಾಡಿದ ಚೌಕಗಳವು, ಕನ್ನಡ ಅದರಲ್ಲಿ ಕೂರಲ್ಲ.

ಲೆಕ್ಕದ ಸ್ಲೈಡಿನ ಮೂಲೆಯಲ್ಲಿ ತಿಂಗಳು, ವರ್ಷ ಹಾಕಿ. ಮುಂದಿನ ಸಲ ಹೋಗಿ ಬಂದಾಗ ಕೋತಿ ಕಿತ್ತ ಪೈಪು ರಿಪೇರಿ ಆಗಿ 17 ಇದ್ದದ್ದು 18 ಆಗಿದ್ರೆ, ರಿಪೇರಿ ಖರ್ಚನ್ನೂ ಸೇರಿಸಿ ಮತ್ತೆ ಭಾಗಿಸಿ, 57 ಅನ್ನೋದನ್ನ ತಿದ್ದಿ ಹೊಸದಾಗಿ ಪೋಸ್ಟ್ ಮಾಡಿ.