ವಾಲೆಟ್‌ನಲ್ಲಿ ದುಡ್ಡಿದೆ, ಕಳಿಸೋಕಾಗಲ್ಲ: ಮಿನಿಮಮ್‌ನಿಂದ ಫುಲ್ ಕೆವೈಸಿಗೆ ಹೋಗುವುದು ಹೇಗೆ?

ವಾಲೆಟ್‌ನಲ್ಲಿ ದುಡ್ಡು ಕಾಣಿಸುತ್ತಿದೆ, ತಮ್ಮನ ಬ್ಯಾಂಕ್ ಖಾತೆಗೆ ಕಳಿಸೋಣ ಅಂದರೆ ಹೋಗುತ್ತಿಲ್ಲ. ಈ ದೂರು ನನ್ನ ಕಿವಿಗೆ ಆಗಾಗ ಬೀಳುತ್ತದೆ. ಆಪ್ ಕೆಟ್ಟಿದೆ ಅಂದುಕೊಂಡು ಅದನ್ನು ಅಳಿಸಿ ಮತ್ತೆ ಹಾಕಿಕೊಳ್ಳುತ್ತಾರೆ. ಅಲ್ಲಿ ತಪ್ಪಿರುವುದು ಆಪ್‌ನದಲ್ಲ. ವಾಲೆಟ್ ಇನ್ನೂ ಮಿನಿಮಮ್ ಕೆವೈಸಿಯಲ್ಲೇ ನಿಂತಿದೆ, ಅಷ್ಟೇ.

ಮೊದಲು, ನಿಮ್ಮದು ಯಾವುದು ಅಂತ ನೋಡಿ

ಆಪ್‌ನ ಪ್ರೊಫೈಲ್‌ಗೆ ಹೋದರೆ ಕೆವೈಸಿ ಸ್ಥಿತಿ ಕಾಣುತ್ತದೆ. ಮೊಬೈಲ್ ನಂಬರ್‌ಗೆ ಬಂದ ಒಟಿಪಿ ಹಾಕಿ, ಹೆಸರು ಬರೆದು, ಯಾವುದಾದರೂ ಗುರುತಿನ ಚೀಟಿಯ ನಂಬರ್ ಟೈಪ್ ಮಾಡಿ ಅಲ್ಲಿಗೆ ಬಿಟ್ಟಿದ್ದರೆ ನಿಮ್ಮದು ಮಿನಿಮಮ್. ಆಧಾರ್ ನಂಬರ್ ಕೊಟ್ಟಿದ್ದೇನಲ್ಲ, ಫುಲ್ ಆಗಿರಬೇಕು ಅಂತ ತುಂಬಾ ಜನ ನಂಬಿರುತ್ತಾರೆ. ಆಗಿರುವುದಿಲ್ಲ. ನಂಬರ್ ನೀವೇ ಹೇಳಿದ್ದೀರಿ, ಅದು ನಿಮ್ಮದೇ ಅಂತ ಯಾರೂ ಮುಖ ನೋಡಿ ಖಚಿತ ಮಾಡಿಕೊಂಡಿಲ್ಲ.

ಇನ್ನೊಂದು ಗೊಂದಲ ಇಲ್ಲೇ ಬಗೆಹರಿಸಿಕೊಳ್ಳಿ. ಯುಪಿಐ ಮೂಲಕ ಬ್ಯಾಂಕ್ ಖಾತೆಯಿಂದ ನೇರವಾಗಿ ಕಳಿಸುವ ಹಣ ವಾಲೆಟ್‌ನದಲ್ಲ. ಒಂದೇ ಆಪ್‌ನಲ್ಲಿ ಎರಡೂ ಇರಬಹುದು. ಈ ಲೇಖನದ ಮಿತಿಗಳು ವಾಲೆಟ್‌ಗೆ ತುಂಬಿದ ಹಣಕ್ಕೆ ಮಾತ್ರ.

ಮಿನಿಮಮ್‌ನಲ್ಲಿ ಎಷ್ಟು ಹಿಡಿಯುತ್ತದೆ?

ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿ ಹೊರಡಿಸಿದ ನಿಯಮಗಳಲ್ಲಿ ಇದಕ್ಕೆ ಸ್ಮಾಲ್ ಪಿಪಿಐ ಅಂತ ಹೆಸರು. ಪಿಪಿಐ ಅಂದರೆ ಮೊದಲೇ ಹಣ ತುಂಬಿಟ್ಟು ಬಳಸುವ ವಾಲೆಟ್, ಕಾರ್ಡ್‌ನಂಥವು. ಯಾವ ಹೊತ್ತಿನಲ್ಲೂ ಒಳಗೆ 10,000 ರೂಪಾಯಿಗಿಂತ ಜಾಸ್ತಿ ಇರುವಂತಿಲ್ಲ. ಒಂದು ತಿಂಗಳಲ್ಲಿ ತುಂಬುವುದೂ 10,000 ದಾಟುವಂತಿಲ್ಲ, ಆರ್ಥಿಕ ವರ್ಷಕ್ಕೆ 1,20,000.

ಎಡವುವುದು ಮೊದಲೆರಡು ಮಿತಿಗಳನ್ನು ಒಂದೇ ಅಂದುಕೊಂಡಾಗ. ತಿಂಗಳ ಆರಂಭದಲ್ಲಿ 6,000 ತುಂಬಿದಿರಿ, 5,000 ಖರ್ಚು ಮಾಡಿದಿರಿ ಅಂತಿಟ್ಟುಕೊಳ್ಳಿ. ಒಳಗಿರುವುದು 1,000. ಇನ್ನೂ 9,000 ಜಾಗ ಇದೆ ಅನಿಸುತ್ತದೆ, ಅಲ್ವಾ? ಆದರೆ ಆ ತಿಂಗಳು ನೀವು ತುಂಬಬಹುದಾದದ್ದು 4,000 ಮಾತ್ರ. ಖರ್ಚು ಮಾಡಿದರೆ ಒಳಗೆ ಜಾಗ ಖಾಲಿಯಾಗುತ್ತದೆ, ತಿಂಗಳ ಲೆಕ್ಕ ಮಾತ್ರ ಹಿಂದಕ್ಕೆ ಹೋಗುವುದಿಲ್ಲ.

ಕಳಿಸುವ ವಿಷಯದಲ್ಲಿ ಉತ್ತರ ಇನ್ನೂ ಚಿಕ್ಕದು: ಕಳಿಸುವಂತಿಲ್ಲ. ಅಂಗಡಿಯಲ್ಲಿ ಕೊಡಬಹುದು, ರೀಚಾರ್ಜ್ ಮಾಡಬಹುದು, ಬಿಲ್ ಕಟ್ಟಬಹುದು. ಬ್ಯಾಂಕ್ ಖಾತೆಗೆ, ಇನ್ನೊಬ್ಬರ ವಾಲೆಟ್‌ಗೆ ಹಾಕುವಂತಿಲ್ಲ, ನಗದಾಗಿ ತೆಗೆಯುವಂತಿಲ್ಲ. ನಗದು ಕೊಟ್ಟು ತುಂಬಿಸಬಹುದಾದ ಮಿನಿಮಮ್ ವಾಲೆಟ್‌ಗೆ 24 ತಿಂಗಳ ಗಡುವೂ ಇದೆ. ಅಷ್ಟರೊಳಗೆ ಫುಲ್ ಆಗದಿದ್ದರೆ ಹೊಸದಾಗಿ ತುಂಬಲು ಬರುವುದಿಲ್ಲ. ಇದ್ದ ಹಣ ಖರ್ಚು ಮಾಡಬಹುದು. ಅದೇ ನಂಬರ್, ಅದೇ ವಿವರ ಕೊಟ್ಟು ಅಂಥದ್ದೇ ಇನ್ನೊಂದು ತೆರೆಯೋಣ ಅಂದರೆ ಅದಕ್ಕೂ ಅವಕಾಶವಿಲ್ಲ. ಬ್ಯಾಂಕ್ ಖಾತೆ, ಕಾರ್ಡ್‌ಗಳಿಂದ ಮಾತ್ರ ತುಂಬುವ ಬಗೆಗೆ ಈ ಗಡುವಿಲ್ಲ.

ಎಲ್ಲರೂ ಎಡವುವ ಹಂತ: ವಿಡಿಯೋ ಕೆವೈಸಿ

ಕಂಪನಿಯ ಪ್ರತಿನಿಧಿಯನ್ನು ಎದುರಾಎದುರು ಭೇಟಿಯಾಗಿಯೂ ಫುಲ್ ಮಾಡಿಸಬಹುದು, ವಿಡಿಯೋ ಕರೆಯಲ್ಲೂ ಆಗುತ್ತದೆ. ನಾನು ಹೇಳುವುದು ವಿಡಿಯೋ ದಾರಿಯನ್ನೇ. ನಿಮ್ಮ ದಾಖಲೆಯ ಜೆರಾಕ್ಸ್ ಇನ್ನೊಬ್ಬರ ಕೈಗೆ ಹೋಗುವುದಿಲ್ಲ.

ಕರೆಗೆ ಕೂರುವ ಮುಂಚೆ ಪ್ಯಾನ್ ಮತ್ತು ಆಧಾರ್ ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ದಿನಾಂಕ ಓದಿ. ಒಂದರಲ್ಲಿ ಇನಿಶಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಅಲ್ಲೇ ಸಿಕ್ಕಿಕೊಳ್ಳುವ ಸಾಧ್ಯತೆ ಇದೆ. ಹಾಗಿದ್ದರೆ ಮೊದಲು ತಿದ್ದಿಸಿಕೊಳ್ಳಿ. ಆಮೇಲೆ ಪ್ಯಾನ್ ಕಾರ್ಡ್. ಕ್ಯಾಮೆರಾಗೆ ತೋರಿಸಬೇಕಾದ್ದು ಅಸಲಿ ಕಾರ್ಡ್. ಇ-ಪ್ಯಾನ್ ಇದ್ದರೆ ಅದನ್ನು ಫೈಲ್ ರೂಪದಲ್ಲೇ ಕೊಡಬೇಕು. ಸೈಬರ್ ಸೆಂಟರ್‌ನಲ್ಲಿ ಇ-ಪ್ಯಾನ್ ಪ್ರಿಂಟ್ ತೆಗೆಸಿ ಲ್ಯಾಮಿನೇಟ್ ಮಾಡಿಸಿಕೊಂಡವರು ಎಷ್ಟೋ ಜನ. ವಿಡಿಯೋ ಕೆವೈಸಿಯಲ್ಲಿ ಆ ಪ್ರಿಂಟ್ ನಡೆಯುವುದಿಲ್ಲ.

ಆಧಾರ್ ವೆಬ್‌ಸೈಟ್‌ನಿಂದ ಇಳಿಸಿಕೊಳ್ಳುವ ಆಫ್‌ಲೈನ್ ಫೈಲ್ ಅಥವಾ ಸುರಕ್ಷಿತ ಕ್ಯೂಆರ್ ಬಳಸುವುದಾದರೆ ಅದು ಮೂರು ಕೆಲಸದ ದಿನಕ್ಕಿಂತ ಹಳೆಯದಾಗಿರಬಾರದು. ಹೋದ ವಾರ ಇಳಿಸಿಟ್ಟುಕೊಂಡದ್ದು ಇವತ್ತು ತಿರಸ್ಕಾರವಾದರೆ ಕಾರಣ ಇದೇ. ಕರೆಯ ದಿನವೇ ಹೊಸದಾಗಿ ಇಳಿಸಿಕೊಳ್ಳಿ.

ಕರೆ ಶುರುವಾದಾಗ ಫೋನಿನ ಲೊಕೇಶನ್ ಆನ್ ಇರಲಿ, ವಿಪಿಎನ್ ಇದ್ದರೆ ಆಫ್ ಮಾಡಿ. ನೀವು ಭಾರತದೊಳಗೇ ಇದ್ದೀರಿ ಅಂತ ಅವರು ಖಚಿತ ಮಾಡಿಕೊಳ್ಳಲೇಬೇಕು. ವಿದೇಶದಲ್ಲಿರುವ ಮಗ ಅಲ್ಲಿಂದಲೇ ಮಾಡಿಕೊಳ್ಳುತ್ತೇನೆ ಅಂದರೆ ಆಗುವುದಿಲ್ಲ. ಬೆಳಕು ಮುಖದ ಮೇಲೆ ಬೀಳುವಂತೆ ಕೂತುಕೊಳ್ಳಿ. ಕಿಟಕಿಗೆ ಬೆನ್ನು ಹಾಕಿದರೆ ಮುಖ ಕಪ್ಪಾಗಿ, ಆಧಾರ್ ಫೋಟೋ ಜೊತೆ ಹೊಂದುವುದಿಲ್ಲ. ಅಧಿಕಾರಿ ಪ್ರಶ್ನೆಗಳನ್ನು ಹಿಂದೆ ಮುಂದೆ ಮಾಡಿ ಕೇಳುತ್ತಾರೆ. ರೆಕಾರ್ಡ್ ಮಾಡಿದ ವಿಡಿಯೋ ಅಲ್ಲ, ಎದುರಿಗೆ ನಿಜವಾದ ಮನುಷ್ಯ ಇದ್ದಾನೆ ಅಂತ ತಿಳಿಯಲು ಅದು. ಪಕ್ಕದಲ್ಲಿ ನಿಂತು ಉತ್ತರ ಹೇಳಿಕೊಡಬೇಡಿ. ಅಮ್ಮನಿಗೆ ಸಹಾಯ ಮಾಡುವ ಮಕ್ಕಳಿಗೆ ಈ ಮಾತು.

ಈ ಕರೆ ಕಂಪನಿಯ ಸ್ವಂತ ಆಪ್ ಅಥವಾ ವೆಬ್‌ಸೈಟ್‌ನಿಂದಲೇ ಶುರುವಾಗಬೇಕು. ವಾಟ್ಸಾಪ್ ವಿಡಿಯೋ ಕರೆಯಲ್ಲಿ ಕೆವೈಸಿ ಮಾಡುತ್ತೇವೆ, ಸ್ಕ್ರೀನ್ ತೋರಿಸುವ ಆಪ್ ಹಾಕಿಕೊಳ್ಳಿ ಅಂದವರು ಕಳ್ಳರು. ತಕ್ಷಣ ಫೋನ್ ಇಡಿ. ಯುಪಿಐ ಪಿನ್‌ಗೂ ಕೆವೈಸಿಗೂ ಸಂಬಂಧವೇ ಇಲ್ಲ.

ಫುಲ್ ಆಯಿತು. ಈಗ 18,000 ಕಳಿಸೋಣ

ಈಗ ವಾಲೆಟ್ 2,00,000 ರೂಪಾಯಿವರೆಗೆ ಹಿಡಿಯುತ್ತದೆ. ನಗದು ಕೊಟ್ಟು ತುಂಬುವುದಾದರೆ ತಿಂಗಳಿಗೆ 50,000. ತಮ್ಮನ ಹಾಸ್ಟೆಲ್ ಶುಲ್ಕ 18,000 ಅವನ ಬ್ಯಾಂಕ್ ಖಾತೆಗೆ ಹಾಕಬೇಕು. ನೇರವಾಗಿ ಹಾಕಿದರೆ ಮತ್ತೆ ತಡೆ ಬೀಳುತ್ತದೆ. ಮೊದಲೇ ನೋಂದಾಯಿಸದ ಜನರಿಗೆ ಕಳಿಸುವುದು ತಿಂಗಳಿಗೆ 10,000ಕ್ಕೆ ನಿಲ್ಲುತ್ತದೆ. ಅವನ ಖಾತೆಯ ವಿವರ ಕೊಟ್ಟು ಬೆನಿಫಿಶಿಯರಿ ಅಂತ ಸೇರಿಸಿ. ಆಗ ಅವನೊಬ್ಬನಿಗೇ ತಿಂಗಳಿಗೆ 2,00,000ದವರೆಗೆ ದಾರಿ ತೆರೆಯುತ್ತದೆ. ಕಂಪನಿ ತನ್ನ ಲೆಕ್ಕದಲ್ಲಿ ಇದಕ್ಕಿಂತ ಕಡಿಮೆ ಮಿತಿ ಇಟ್ಟಿರಬಹುದು, ಆಪ್‌ನಲ್ಲಿ ನೋಡಿಕೊಳ್ಳಿ.

ಹೆಸರು ಸೇರಿಸಿದ ಕೂಡಲೇ ಹಣ ಹೋಗದಿದ್ದರೆ ಗಾಬರಿ ಬೇಡ. ವಾಲೆಟ್ ತೆರೆದಾಗ, ಹಣ ತುಂಬಿದಾಗ ಅಥವಾ ಹೊಸ ಬೆನಿಫಿಶಿಯರಿ ಸೇರಿಸಿದಾಗ ಸ್ವಲ್ಪ ಹೊತ್ತು ಕಾಯಿಸಬೇಕೆಂದು ನಿಯಮವೇ ಹೇಳುತ್ತದೆ. ಕದ್ದ ಫೋನಿನಿಂದ ಒಂದೇ ಏಟಿಗೆ ಎಲ್ಲ ಖಾಲಿ ಮಾಡದಂತೆ ತಡೆಯಲು ಇದು. ಆದ್ದರಿಂದ ಶುಲ್ಕದ ಕೊನೆ ದಿನ ಸಂಜೆ ಹೆಸರು ಸೇರಿಸಬೇಡಿ, ಎರಡು ದಿನ ಮುಂಚೆಯೇ ಸೇರಿಸಿ.

ಫುಲ್ ಆದ ವಾಲೆಟ್ ಯುಪಿಐಗೂ ಜೋಡಿಸಬಹುದು. ಬೇರೆ ಕಂಪನಿಯ ಯುಪಿಐ ಆಪ್‌ನಲ್ಲೂ ಅದನ್ನು ಬಳಸಲು 2024ರ ಡಿಸೆಂಬರ್‌ನಲ್ಲಿ ಅನುಮತಿ ಸಿಕ್ಕಿದೆ. ವಾಲೆಟ್ ಜೊತೆ ಕಾರ್ಡ್ ಕೊಟ್ಟಿದ್ದರೆ ಎಟಿಎಂನಲ್ಲಿ ಒಂದು ಸಲಕ್ಕೆ 2,000, ತಿಂಗಳಿಗೆ 10,000 ತೆಗೆಯಬಹುದು.

ಫುಲ್ ಬೇಡ, ಹಣ ವಾಪಸ್ ಸಾಕು ಅನ್ನುವವರಿಗೆ

ಮಿನಿಮಮ್ ವಾಲೆಟ್ ಮುಚ್ಚಿದರೆ ಹಣ ಎಲ್ಲಿಂದ ಬಂತೋ ಅದೇ ಖಾತೆಗೆ ಹಿಂತಿರುಗುತ್ತದೆ. ನಗದು ಕೊಟ್ಟು ತುಂಬಿಸಿದವರಿಗೆ ಹಿಂತಿರುಗಲು ಖಾತೆಯೇ ಇಲ್ಲ. ಅವರು ಬ್ಯಾಂಕ್ ಖಾತೆಗೆ ತೆಗೆದುಕೊಳ್ಳಬೇಕಾದರೆ ಕೆವೈಸಿ ಮಾಡಿಸಲೇಬೇಕು. ಉಳಿದಿರುವುದು ಒಂದೆರಡು ಸಾವಿರವಾದರೆ ಕರೆಂಟ್ ಬಿಲ್ಲಿಗೆ ಕಟ್ಟಿ ಮುಗಿಸಿ. ಸುಮ್ನೆ ಬಿಟ್ಟರೆ, ಒಂದು ವರ್ಷ ಯಾವ ವ್ಯವಹಾರವೂ ಇಲ್ಲದ ವಾಲೆಟ್ ನಿಷ್ಕ್ರಿಯವಾಗುತ್ತದೆ. ಅದನ್ನು ಮತ್ತೆ ತೆರೆಸಲು ಇನ್ನೊಮ್ಮೆ ಗುರುತು ಸಾಬೀತು ಮಾಡಬೇಕಾಗುತ್ತದೆ.