ಹಳದಿ ಬಿದ್ದ ಸಾಲು ನಿಜಕ್ಕೂ ಎಐದಾ? ನನ್ನ ಅನುಭವ

"ಒಂದೊಂದೇ ಸಾಲು ಚೆಕ್ ಮಾಡ್ತಾ ಕೂತರೆ ಹೊಟ್ಟೆಗೇನು ತಿಂತೀರಾ?" ಅಂತ ಜೊತೆಯ ಎಡಿಟರ್ ಒಬ್ಬರು ಕೇಳಿದ್ದರು. ಈಗ ಅನುಮಾನ ಬಂದ ಫೈಲನ್ನು ಅವರೇ ನನಗೆ ಕಳಿಸುತ್ತಾರೆ.

ನಾನು ಎಡಿಟ್ ಮಾಡುವುದು ಇಂಗ್ಲಿಷ್ ಲೇಖನ. ಎಐ ಬರೆದ ಸಾಲು ಅನ್ನಿಸಿದ್ದಕ್ಕೆ ಹಳದಿ ಬಳಿಯುವ ಡಿಟೆಕ್ಟರ್ ಬಳಸುತ್ತೇನೆ. ಮೊದಮೊದಲು ಅದು ಹಳದಿ ಬಳಿದದ್ದನ್ನೆಲ್ಲ ನಂಬುತ್ತಿದ್ದೆ. ಕುಕ್ಕರ್ ಗ್ಯಾಸ್ಕೆಟ್ ಬಗ್ಗೆ ಒಂದು ಲೇಖನ ಬಂತು. 40 ಸಾಲಿನಲ್ಲಿ 11 ಹಳದಿ. ಬರೆದ ಹುಡುಗಿಗೆ ಕೊಡಬೇಕಿದ್ದ ಆರು ಸಾವಿರ ತಡೆದೆ. ಹಳದಿ ಬಿದ್ದ ಒಂದು ಸಾಲು ಹೀಗಿತ್ತು: ಸಾರಿನ ವಾಸನೆ ಪಾಯಸಕ್ಕೆ ಹತ್ತಬಾರದೆಂದು ಅಮ್ಮ ಎರಡು ಗ್ಯಾಸ್ಕೆಟ್ ಇಟ್ಟುಕೊಂಡಿದ್ದಾರೆ. ಆಕೆ ಫೈಲಿನ ಹಳೆಯ ಆವೃತ್ತಿಗಳನ್ನು ತೆರೆದು ತೋರಿಸಿದಳು. ಆ ಸಾಲು ಎರಡು ಸಲ ತಿದ್ದಿ, ಅಳಿಸಿ, ಮತ್ತೆ ಟೈಪ್ ಆಗಿತ್ತು. ಏಳು ಸಾಲು ಎಐದೇ, ಒಟ್ಟಿಗೆ ಪೇಸ್ಟ್ ಆಗಿದ್ದವು, ಒಪ್ಪಿಕೊಂಡಳು. ಉಳಿದ ನಾಲ್ಕು ಅವಳವೇ, ನಾಲ್ಕೂ ಆ ಏಳಕ್ಕೆ ಅಂಟಿಕೊಂಡಿದ್ದವು. ಅಷ್ಟರಲ್ಲಿ ಕ್ಲೈಂಟ್ ಲೇಖನ ಬೇಡ ಅಂದಿದ್ದರು. ದುಡ್ಡು ನನ್ನ ಜೇಬಿನಿಂದ ಹೋಯಿತು.

ಇದು ಆಕಸ್ಮಿಕ ಅಲ್ಲ. ಸಾಲಿನ ಮಟ್ಟದಲ್ಲಿ ತಪ್ಪು ಗುರುತು ಸುಮಾರು 4%, ಅದರಲ್ಲಿ 54% ನಿಜವಾದ ಎಐ ಸಾಲಿನ ಪಕ್ಕದಲ್ಲೇ ಬೀಳುತ್ತದೆ ಅಂತ ಇಂಥದ್ದೇ ಡಿಟೆಕ್ಟರ್ ಮಾಡುವ ಟರ್ನಿಟಿನ್ ಕಂಪನಿ 2023ರಲ್ಲಿ ತಾನೇ ಹೇಳಿತ್ತು. ಅದರ ಡಿಟೆಕ್ಟರ್ ಹಲವು ಸಾಲುಗಳ ತುಂಡು ತೆಗೆದುಕೊಂಡು ಅಂಕ ಕೊಡುತ್ತದೆ. ತುಂಡುಗಳು ಒಂದರ ಮೇಲೊಂದು ಹತ್ತಿಕೊಂಡಿರುತ್ತವೆ. ಹಾಗಾಗಿ ಪಕ್ಕದವರ ಬಣ್ಣ ಇವರಿಗೂ ಹತ್ತುತ್ತದೆ.

ಆಮೇಲೆ 2019ರ ನನ್ನದೇ ಹಳೆಯ ಲೇಖನಗಳಲ್ಲಿ ಎಐ ಸಾಲು ಸೇರಿಸಿ ಪರೀಕ್ಷೆ ಮಾಡಿದೆ. ಮೂವತ್ತು ಫೈಲ್, ಮೂರು ತಿಂಗಳ ಚಂದಾ. ಐದಾರು ಎಐ ಸಾಲು ಒಟ್ಟಿಗಿದ್ದರೆ ಹೆಚ್ಚುಕಡಿಮೆ ಪ್ರತಿ ಸಲ ಸಿಕ್ಕಿತು. ಒಂಟಿ ಸಾಲು ಮೂರರಲ್ಲಿ ಒಂದು ಸಿಕ್ಕಿದ್ದರೆ ಹೆಚ್ಚು. ಅಂದರೆ ಬಿಳಿ ಉಳಿದ ಸಾಲನ್ನೂ ನಂಬುವ ಹಾಗಿಲ್ಲ.

ಈಗ ಎರಡು ಕೆಲಸ ಮಾಡುತ್ತೇನೆ. ಮೊದಲ ಮೂರು ಸಾಲು ಕಿತ್ತು ಮತ್ತೆ ಓಡಿಸುತ್ತೇನೆ. ತುಂಡುಗಳ ಗಡಿ ಜರುಗುತ್ತದೆ, ಸುಮ್ನೆ ಬಿದ್ದ ಹಳದಿ ಜಾಗ ಬದಲಿಸುತ್ತದೆ. ಆಮೇಲೆ ಅನುಮಾನದ ಸಾಲನ್ನು ಖಚಿತವಾಗಿ ಮನುಷ್ಯರೇ ಬರೆದ ಪ್ಯಾರಾದೊಳಗೆ ಇಟ್ಟು ನೋಡುತ್ತೇನೆ. ಬಣ್ಣ ಹೋದರೆ ಅದು ಪಕ್ಕದ ಸಾಲಿನದೇ ಇರಬಹುದು, ಆ ಸಾಲಿನ ಮೇಲೆ ಆರೋಪ ಹೊರಿಸುವುದಿಲ್ಲ. ಆ ಪ್ಯಾರಾ ಹೇಗೆ ಆರಿಸುತ್ತೇನೆ ಅನ್ನುವುದು ನನ್ನ ಹೊಟ್ಟೆಪಾಡು, ಅದನ್ನು ಇಲ್ಲಿ ಹೇಳಲ್ಲ.

ನಡುವೆ ಇನ್ನೊಂದು ನೋಡಿದೆ. ನನ್ನ ಹಳೆಯ ಲೇಖನವನ್ನೇ ವ್ಯಾಕರಣ ತಿದ್ದುವ ಆ್ಯಪ್‌ಗೆ ಹಾಕಿ, ಅದು ಹೇಳಿದ್ದನ್ನೆಲ್ಲ ಒಪ್ಪಿದೆ. ಹಳದಿಯೇ ಇಲ್ಲದ ಕಡೆ ನಾಲ್ಕೈದು ಸಾಲು ಹಳದಿಯಾಯಿತು. ಅದಕ್ಕೇ ಈಗ ಬರೆಯುವವರಿಂದ ತಿದ್ದದ ಮೊದಲ ಕರಡು ಕೇಳುತ್ತೇನೆ.

ಎರಡೂ ಪರೀಕ್ಷೆಯಲ್ಲಿ ಹಳದಿಯಾಗಿಯೇ ಉಳಿದ ಮೂರು ಸಾಲು ಒಟ್ಟಿಗಿದ್ದರೆ ಮಾತ್ರ ಬರೆದವರಿಗೆ ಫೋನ್ ಮಾಡುತ್ತೇನೆ, ಅದೂ ಕೇಳುವುದಕ್ಕೆ. ದುಡ್ಡು ತಡೆಯುವುದನ್ನು ಬಿಟ್ಟಿದ್ದೇನೆ. ಆ ಹುಡುಗಿ ಈಗಲೂ ನಮಗೆ ಬರೆಯುತ್ತಾಳೆ.